ಕ್ಲೋನಸ್ ಎಂದು ಬರೆದ ಮೇಲೆ ಕೇಳಲು ಏನು ಉಳಿಯಿತು?

ಮೊದಲು ಈ ಪ್ರಶ್ನೆ ಓದಿ. "ಖಿನ್ನತೆಗೆ ಫ್ಲುಆಕ್ಸೆಟಿನ್ ಸೇವಿಸುತ್ತಿದ್ದ 28 ವರ್ಷದ ವ್ಯಕ್ತಿಗೆ ಲಿನೆಜೊಲಿಡ್ ಆರಂಭಿಸಲಾಯಿತು. ಮರುದಿನ ಜ್ವರ, ಚಡಪಡಿಕೆ, ಭೇದಿ, ಹಿಗ್ಗಿದ ಕಣ್ಣಪಾಪೆ, ಹೈಪರ್‌ರಿಫ್ಲೆಕ್ಸಿಯಾ ಮತ್ತು ಕ್ಲೋನಸ್ ಕಂಡುಬಂದವು. ರೋಗನಿರ್ಣಯ ಯಾವುದು?" ಕೆಳಗೆ ನಾಲ್ಕು ಆಯ್ಕೆಗಳು: ಸೆರೊಟೋನಿನ್ ಸಿಂಡ್ರೋಮ್, ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್, ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ, ಮಿದುಳುಜ್ವರ.

ವೈದ್ಯಕೀಯ ಸ್ನಾತಕೋತ್ತರ ಪ್ರವೇಶಕ್ಕೆ ತಯಾರಾಗುವವರು ಈ ಅಚ್ಚಿನ ಪ್ರಶ್ನೆಗಳನ್ನು ಡಜನ್‌ಗಟ್ಟಲೆ ನೋಡಿರುತ್ತಾರೆ. ಐದು ಸೆಕೆಂಡಿನಲ್ಲಿ ಮೊದಲ ಆಯ್ಕೆಗೆ ಗುರುತು ಹಾಕಿ ಮುಂದೆ ಹೋಗುತ್ತಾರೆ. ಉತ್ತರ ಸರಿ, ನಾಲ್ಕು ಅಂಕ. ಆದರೆ ಆ ನಾಲ್ಕು ಅಂಕ ಸಿಕ್ಕಿದ್ದು ಯಾವ ತಿಳಿವಳಿಕೆಗೆ?

ಒಂದು ಸಣ್ಣ ಪ್ರಯೋಗ ಮಾಡಬಹುದು. ಪ್ರಶ್ನೆಯಿಂದ ಭೇದಿ ತೆಗೆಯಿರಿ, ಉತ್ತರ ಬದಲಾಗುವುದಿಲ್ಲ. ಪಾಪೆ ತೆಗೆಯಿರಿ, ಚಡಪಡಿಕೆ ತೆಗೆಯಿರಿ, ಜ್ವರ ತೆಗೆಯಿರಿ. ಕೊನೆಗೆ ಕ್ಲೋನಸ್ಸನ್ನೂ ಹೊಡೆದುಹಾಕಿ. "ಫ್ಲುಆಕ್ಸೆಟಿನ್, ಲಿನೆಜೊಲಿಡ್" ಎಂಬ ಎರಡು ಹೆಸರು ಮಾತ್ರ ಉಳಿದಾಗಲೂ ಅಭ್ಯರ್ಥಿ ಅದೇ ಆಯ್ಕೆಗೆ ಗುರುತು ಹಾಕುತ್ತಾನೆ. ಈಗ ಉಲ್ಟಾ ಮಾಡಿ. ಔಷಧಗಳನ್ನೆಲ್ಲ ತೆಗೆದು "ಕ್ಲೋನಸ್" ಎಂಬ ಒಂದೇ ಪದ ಬಿಡಿ. ಆಗಲೂ ಉತ್ತರ ಅದೇ. ಅಂದರೆ ಈ ಕಥೆಯಲ್ಲಿ ರೋಗಿಯೇ ಬೇಕಿಲ್ಲ. ಇದು ರೋಗನಿರ್ಣಯದ ಪರೀಕ್ಷೆಯಲ್ಲ, ಸಮಾನಾರ್ಥಕ ಪದ ಹೇಳಿಸುವ ಆಟ. ಸೂರ್ಯನಿಗೆ ರವಿ, ಚಂದ್ರನಿಗೆ ಶಶಿ, ಕ್ಲೋನಸ್‌ಗೆ ಸೆರೊಟೋನಿನ್.

ಈ ಎರಡು ಸಿಂಡ್ರೋಮ್‌ಗಳನ್ನು ಬೇರ್ಪಡಿಸುವ ಪ್ರಶ್ನೆಯನ್ನೇ ಹಿಡಿದು ಜಗಳಕ್ಕೆ ನಿಲ್ಲಲು ಕಾರಣವಿದೆ. ಎರಡೂ ಔಷಧದಿಂದ ಬರುವಂಥವು. ಒಂದರಲ್ಲಿ ಸೆರೊಟೋನಿನ್ ಪ್ರಭಾವ ಮಿತಿಮೀರಿರುತ್ತದೆ, ಇನ್ನೊಂದರಲ್ಲಿ ಮನೋರೋಗದ ಔಷಧಗಳು ಡೋಪಮೈನ್ ದಾರಿಯನ್ನು ಮುಚ್ಚಿರುತ್ತವೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ: ಜ್ವರ, ಬೆವರು, ಓಡುವ ನಾಡಿ, ಬಿಗಿದ ಮೈ, ಕೆಟ್ಟ ಪ್ರಜ್ಞೆ. ಚಿಕಿತ್ಸೆಯ ಮೊದಲ ಅರ್ಧವೂ ಒಂದೇ. ಎರಡನೆಯ ಅರ್ಧದಲ್ಲಿ ದಾರಿ ಕವಲೊಡೆಯುತ್ತದೆ. ನ್ಯೂರೋಲೆಪ್ಟಿಕ್ ಸಿಂಡ್ರೋಮ್‌ಗೆ ಕೊಡುವ ಬ್ರೊಮೊಕ್ರಿಪ್ಟಿನ್ ಸೆರೊಟೋನಿನ್ ಸಿಂಡ್ರೋಮನ್ನು ಇನ್ನಷ್ಟು ಕೆರಳಿಸಬಹುದು. ಚಡಪಡಿಸುವ ರೋಗಿಯನ್ನು ಸುಮ್ಮನಿರಿಸಲು ಕೈಗೆ ಮೊದಲು ಸಿಗುವ ಹಾಲೊಪೆರಿಡಾಲ್, ನ್ಯೂರೋಲೆಪ್ಟಿಕ್ ಸಿಂಡ್ರೋಮಿನಲ್ಲಿ ಉರಿಯುವ ಬೆಂಕಿಗೆ ತುಪ್ಪ.

1984ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಲಿಬ್ಬಿ ಝಯಾನ್ ಎಂಬ 18 ವರ್ಷದ ಹುಡುಗಿ ಜ್ವರ, ಚಡಪಡಿಕೆ ಮತ್ತು ವಿಚಿತ್ರವಾಗಿ ಜಗ್ಗುವ ಕೈಕಾಲುಗಳೊಂದಿಗೆ ದಾಖಲಾದಳು. ಖಿನ್ನತೆಗೆ ಫೆನೆಲ್ಜಿನ್ ತೆಗೆದುಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ಪೆಥಿಡಿನ್ ಕೊಟ್ಟರು. ಚಡಪಡಿಕೆ ಹೆಚ್ಚಿದಾಗ ಕಟ್ಟಿಹಾಕಿ ಹಾಲೊಪೆರಿಡಾಲ್ ಚುಚ್ಚಿದರು. ಬೆಳಗಾಗುವಷ್ಟರಲ್ಲಿ ಮೈ ಸುಡುವಷ್ಟು ಜ್ವರ ಏರಿ ತೀರಿಕೊಂಡಳು. ಸಾವಿನ ಕಾರಣ ಕುರಿತು ಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಫೆನೆಲ್ಜಿನ್ ಮತ್ತು ಪೆಥಿಡಿನ್ ಒಟ್ಟಾಗಿ ಸೆರೊಟೋನಿನ್ ವಿಷಮಸ್ಥಿತಿ ತಂದವು ಎಂಬುದು ಹೆಚ್ಚಿನವರ ಅಭಿಪ್ರಾಯ. ಈ ಪ್ರಕರಣ ನೆನಪಿನಲ್ಲಿ ಉಳಿದಿದ್ದು ಕಿರಿಯ ವೈದ್ಯರ ದುಡಿಮೆಯ ಗಂಟೆಗಳಿಗೆ ನ್ಯೂಯಾರ್ಕ್ ರಾಜ್ಯದಲ್ಲಿ ಮಿತಿ ತಂದದ್ದಕ್ಕಾಗಿ. ಪ್ರಶ್ನೆ ಬರೆಯುವವರಿಗೆ ಮುಖ್ಯವಾಗಬೇಕಾದದ್ದು ಇನ್ನೊಂದು ಸಂಗತಿ. ಅವಳ ಚೀಟಿಯಲ್ಲಿ ಯಾರೂ "ಕ್ಲೋನಸ್" ಎಂದು ಬರೆದಿಟ್ಟಿರಲಿಲ್ಲ. ಜಗ್ಗುವ ಕೈಕಾಲು ಕಣ್ಣೆದುರಿಗಿತ್ತು. ಅದಕ್ಕೆ ಹೆಸರಿಡುವುದೇ ವೈದ್ಯರ ಕೆಲಸವಾಗಿತ್ತು.

ಪರೀಕ್ಷೆಯ ಪ್ರಶ್ನೆಗಳು ಆ ಕೆಲಸವನ್ನು ಅಭ್ಯರ್ಥಿಯ ಕೈಯಿಂದ ಕಸಿದುಕೊಂಡು ತಾವೇ ಮಾಡಿಬಿಡುತ್ತವೆ. ಕ್ಲೋನಸ್ ಎಂಬುದು ಕಾಣುವ ವಸ್ತುವಲ್ಲ, ಕಂಡದ್ದರ ಮೇಲೆ ಕೊಟ್ಟ ತೀರ್ಪು. ಕಾಣುವುದು ಇಷ್ಟು: ಮಲಗಿದ ರೋಗಿಯ ಮೊಣಕಾಲನ್ನು ತುಸು ಮಡಚಿ, ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿ ಹಿಡಿದರೆ, ಆ ಪಾದ ಕೈಯನ್ನು ತಿರುಗಿ ಒದೆಯುತ್ತದೆ, ಮತ್ತೆ ಒದೆಯುತ್ತದೆ, ಒಂದೇ ತಾಳದಲ್ಲಿ ಒದೆಯುತ್ತಲೇ ಇರುತ್ತದೆ. ಪರೀಕ್ಷಿಸುವವರು ಒದೆತಗಳನ್ನು ಎಣಿಸುತ್ತಾರೆ. ಕಣ್ಣಿನಲ್ಲೂ ಹೀಗಾಗುವುದುಂಟು, ನೋಟ ಒಂದೆಡೆ ನಿಲ್ಲದೆ ಗುಡ್ಡೆಗಳು ಅತ್ತಿತ್ತ ತುಯ್ಯುತ್ತವೆ. ಇಷ್ಟನ್ನು ಓದಿ "ಇದು ಕ್ಲೋನಸ್" ಎಂದು ಗುರುತಿಸಬಲ್ಲವನಿಗೆ ಅಂಕ ಸಲ್ಲಬೇಕು. ಹೆಸರನ್ನೇ ಕೊಟ್ಟರೆ ಪರೀಕ್ಷಿಸಲು ಉಳಿಯುವುದು ಬಾಯಿಪಾಠ ಮಾತ್ರ.

ನ್ಯೂರೋಲೆಪ್ಟಿಕ್ ಕಡೆಯ ಪ್ರಶ್ನೆಗಳಲ್ಲಿ ಇದೇ ಪಾತ್ರವನ್ನು "ಸೀಸದ ಕೊಳವೆಯಂಥ ಬಿಗಿತ" ವಹಿಸುತ್ತದೆ. ಅದು ಇನ್ನೂ ವಿಚಿತ್ರ. ಸೀಸದ ಕೊಳವೆಯನ್ನು ಕೈಯಲ್ಲಿ ಹಿಡಿದು ಬಗ್ಗಿಸಿದ ಒಬ್ಬ ಎಂಬಿಬಿಎಸ್ ವಿದ್ಯಾರ್ಥಿ ಇಂದು ಹೈದರಾಬಾದಿನಲ್ಲೋ ಪುಣೆಯಲ್ಲೋ ಸಿಗುವುದು ಅನುಮಾನ. ಉಪಮಾನದ ಅನುಭವವೇ ಇಲ್ಲದವರಿಗೆ ಅದು ಉಪಮೆಯಾಗಿ ಉಳಿದಿಲ್ಲ, ಒಂದು ರೋಗದ ಅಡ್ಡಹೆಸರಾಗಿದೆ. ಹೇಳಬೇಕಾದದ್ದು ಇದು: ಮೊಣಕೈಯನ್ನು ಮಡಚುವಾಗಲೂ ಬಿಡಿಸುವಾಗಲೂ, ಶುರುವಿನಿಂದ ಕೊನೆಯವರೆಗೂ ಒಂದೇ ಸಮನಾದ ಪ್ರತಿರೋಧ, ನಡುವೆ ಎಲ್ಲೂ ಸಡಿಲವಿಲ್ಲ, ಕೈಯಲ್ಲೂ ಕಾಲಲ್ಲೂ ಅಷ್ಟೇ.

ಪದ ತೆಗೆದು ವರ್ಣನೆ ಕೊಟ್ಟರೆ ಅರ್ಧ ಕೆಲಸವಾಯಿತು. ಔಷಧದ ಸಾಲು ಇನ್ನೂ ಬಾಯಿಬಿಡುತ್ತಲೇ ಇರುತ್ತದೆ. ಹಾಗೆಂದು ಔಷಧಗಳನ್ನು ಮುಚ್ಚಿಡುವುದು ಅನ್ಯಾಯ. 2003ರಲ್ಲಿ ಆಸ್ಟ್ರೇಲಿಯಾದ ನ್ಯೂಕಾಸಲ್‌ನ ವಿಷವೈದ್ಯರು ರೂಪಿಸಿದ ಹಂಟರ್ ಮಾನದಂಡ ಆರಂಭವಾಗುವುದೇ "ರೋಗಿ ಸೆರೊಟೋನಿನ್ ಹೆಚ್ಚಿಸುವ ಔಷಧ ಸೇವಿಸಿದ್ದಾನೆಯೇ" ಎಂಬಲ್ಲಿಂದ. ಔಷಧದ ಇತಿಹಾಸವಿಲ್ಲದೆ ನಿಜವಾದ ವೈದ್ಯರೂ ಈ ನಿರ್ಣಯಕ್ಕೆ ಬರುವುದಿಲ್ಲ. ಹಾಗಾಗಿ ದಾರಿ ಒಂದೇ: ಎರಡೂ ಬಗೆಯ ಔಷಧಗಳನ್ನು ಒಬ್ಬರೇ ರೋಗಿಗೆ ಕೊಡಿ. ಇದೇನೂ ಪರೀಕ್ಷೆಗಾಗಿ ಹೆಣೆದ ಕಟ್ಟುಕಥೆಯಾಗುವುದಿಲ್ಲ. ಮನೋರೋಗದ ಮಾತ್ರೆ ನುಂಗುವವರಿಗೆ ಖಿನ್ನತೆಯೂ ಬರುತ್ತದೆ. ಅವರೂ ಬಿದ್ದು ಮೂಳೆ ಮುರಿದುಕೊಳ್ಳುತ್ತಾರೆ, ಅವರಿಗೂ ನೋವಿಗೆ ಟ್ರಮಡಾಲ್ ಬರೆದುಕೊಡುತ್ತಾರೆ.

ಅಂಥ ಒಬ್ಬ ರೋಗಿಯನ್ನು ಕಲ್ಪಿಸಿಕೊಂಡು ಬರೆದು ನೋಡೋಣ. 46 ವರ್ಷದ ಮಹಿಳೆ. ಸ್ಕಿಜೊಫ್ರೇನಿಯಾಕ್ಕೆ ಆರು ವರ್ಷದಿಂದ ದಿನಕ್ಕೆ 4 ಮಿಗ್ರಾಂ ರಿಸ್ಪೆರಿಡೋನ್, ಪ್ರಮಾಣದಲ್ಲಿ ಬದಲಾವಣೆ ಇಲ್ಲ. ಮೂರು ತಿಂಗಳಿನಿಂದ 100 ಮಿಗ್ರಾಂ ಸರ್ಟ್ರಲಿನ್. ನಿನ್ನೆ ಜಾರಿಬಿದ್ದು ಮಣಿಕಟ್ಟು ಮುರಿದು ದಾಖಲಾದರು, ರಾತ್ರಿ 10ಕ್ಕೆ 100 ಮಿಗ್ರಾಂ ಟ್ರಮಡಾಲ್ ಕೊಡಲಾಯಿತು. ಬೆಳಗಿನ 6ಕ್ಕೆ ಹಾಸಿಗೆಯಲ್ಲಿ ಇರಲಾರರು, ಬೆವರಿನಿಂದ ಬಟ್ಟೆ ತೊಯ್ದಿದೆ. ಜ್ವರ 38.6 ಡಿಗ್ರಿ, ನಾಡಿ 124. ಕಣ್ಣಪಾಪೆ 7 ಮಿಮೀ. ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ ಕರುಳು ಬಿಡುವಿಲ್ಲದೆ ಗುಡುಗುಡು ಎನ್ನುತ್ತಿದೆ. ಕೈಗಳು ಬಹುಮಟ್ಟಿಗೆ ಸಲೀಸು, ಕಾಲುಗಳು ಬಿಗಿ. ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿದರೆ ಆರು ಬಾರಿ ಒದ್ದು ನಿಲ್ಲುತ್ತದೆ.

ಇಲ್ಲಿ ಔಷಧದ ಸಾಲು ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. ಅಭ್ಯರ್ಥಿ ಎರಡು ಸಂಗತಿಗಳನ್ನು ತೂಗಬೇಕು. ಒಂದು ಕಾಲ: ರಿಸ್ಪೆರಿಡೋನ್ ಆರು ವರ್ಷದಿಂದ ಅಲ್ಲಾಡಿಲ್ಲ, ಹೊಸದಾಗಿ ಬಂದದ್ದು ಟ್ರಮಡಾಲ್, ಅದು ಬಂದು ಎಂಟು ಗಂಟೆಯಲ್ಲಿ ರೋಗಿ ಬದಲಾದರು. ಸೆರೊಟೋನಿನ್ ಸಿಂಡ್ರೋಮ್ ಸಾಮಾನ್ಯವಾಗಿ ಗಂಟೆಗಳ ಲೆಕ್ಕದಲ್ಲಿ ಬರುತ್ತದೆ, ನ್ಯೂರೋಲೆಪ್ಟಿಕ್ ಸಿಂಡ್ರೋಮ್ ದಿನಗಳ ಲೆಕ್ಕದಲ್ಲಿ. ಇನ್ನೊಂದು ಮೈ: ಕೈಗಿಂತ ಕಾಲಿನಲ್ಲಿ ಬಿಗಿ ಹೆಚ್ಚು, ಪಾದ ಒದೆಯುತ್ತದೆ, ಕರುಳು ಸುಮ್ಮನಿಲ್ಲ.

ಈಗ ಇದಕ್ಕೊಂದು ಅವಳಿ ಬರೆಯಿರಿ. ಅದೇ ಮಹಿಳೆ, ಅದೇ ಮೂರು ಔಷಧ. ಆದರೆ ಐದು ದಿನದಿಂದ ಟ್ರಮಡಾಲ್ ತೊಂದರೆಯಿಲ್ಲದೆ ಒಗ್ಗಿದೆ. ವಾರ್ಡಿನಲ್ಲಿ ಕೂಗಾಡಿದ್ದಕ್ಕೆ ಮೂರು ದಿನ ಸತತವಾಗಿ 5 ಮಿಗ್ರಾಂ ಹಾಲೊಪೆರಿಡಾಲ್ ಚುಚ್ಚಲಾಗಿದೆ. ಎರಡನೆಯ ದಿನದಿಂದ ಮಾತು ಕಡಿಮೆಯಾಯಿತು, ಈಗ ಕಣ್ಣು ತೆರೆದೇ ಇದ್ದಾರೆ, ಕರೆದರೆ ಉತ್ತರವಿಲ್ಲ. ಜ್ವರ 39.4. ಬೆವರು ಇದೆ, ನಾಡಿ ಇಲ್ಲೂ 124. ಪಾಪೆ 3 ಮಿಮೀ. ಕರುಳಿನ ಸದ್ದು ಕಿವಿಗೊಟ್ಟರೆ ಮಾತ್ರ. ಕೈಕಾಲುಗಳನ್ನು ಯಾವ ದಿಕ್ಕಿಗೆ ಬಾಗಿಸಿದರೂ ಒಂದೇ ಸಮನಾದ ಪ್ರತಿರೋಧ. ಮೊಣಕಾಲ ಚಿಪ್ಪಿನ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಅಲ್ಲಾಡಿತೋ ಇಲ್ಲವೋ ಎಂಬಷ್ಟೇ.

ಅವಳಿ ಬರೆಯುವ ಲಾಭ ಬರೆಯುವವರಿಗೇ ಮೊದಲು ಸಿಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಯಾವ ಸಾಲು ನಿಜಕ್ಕೂ ಕೆಲಸ ಮಾಡುತ್ತಿದೆ, ಯಾವುದು ಸುಮ್ಮನೆ ಕೂತಿದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ. ಬೆವರು ಮತ್ತು ನಾಡಿ ಎರಡೂ ಕಡೆ ಒಂದೇ ಇವೆ, ಹಾಗೆಯೇ ಇರಲಿ. ರೋಗಗಳು ಒಂದನ್ನೊಂದು ಹೋಲುತ್ತವೆ ಎಂಬ ಸತ್ಯ ಪ್ರಶ್ನೆಯಲ್ಲೂ ಕಾಣಬೇಕು.

ಪ್ರಶ್ನೆ ಬರೆಯುವವರು ಇಲ್ಲಿ ಒಂದು ಆಮಿಷಕ್ಕೆ ಬೀಳುತ್ತಾರೆ. ಅದು ರಕ್ತದ ಕ್ರಿಯಾಟಿನ್ ಕೈನೇಸ್, ಅಂದರೆ ಸಿಕೆ. ಸ್ನಾಯು ಜಖಂಗೊಂಡಾಗ ಏರುವ ಅಂಶ. ಅವಳಿಯಲ್ಲಿ "ಸಿಕೆ 9,800" ಎಂದು ಬರೆದುಬಿಟ್ಟರೆ ನೆಮ್ಮದಿ. ಸಂಖ್ಯೆ ಇದೆ, ಉತ್ತರಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಸ್ನಾಯುವಿಗೆ ಚುಚ್ಚುಮದ್ದು ಕೊಟ್ಟರೂ ಸಿಕೆ ತುಸು ಏರುತ್ತದೆ, ಬಿದ್ದು ಪೆಟ್ಟಾದರೂ ಏರುತ್ತದೆ, ತೀವ್ರವಾದ ಸೆರೊಟೋನಿನ್ ಸಿಂಡ್ರೋಮಿನಲ್ಲೂ ಸ್ನಾಯು ಒಡೆದು ಬಹಳಷ್ಟು ಏರಬಹುದು. ಸಿಕೆ ಕೊಡಬಾರದೆಂದಲ್ಲ. ಅದನ್ನು ತೆಗೆದ ಮೇಲೂ ಉತ್ತರ ನಿಲ್ಲುತ್ತದೆಯೇ ಎಂದು ನೋಡಿ ಕೊಡಬೇಕು. ನಿಲ್ಲದಿದ್ದರೆ ಆ ಪ್ರಶ್ನೆ ಹಾಸಿಗೆಯ ಪಕ್ಕದ ಪರೀಕ್ಷೆಯನ್ನು ಪಕ್ಕಕ್ಕೆ ತಳ್ಳಿ, ಲ್ಯಾಬ್ ಚೀಟಿ ಬರುವ ತನಕ ಕಾಯುವುದನ್ನು ಕಲಿಸುತ್ತಿದೆ.

ಇನ್ನು ಆಯ್ಕೆಗಳು. "ರೋಗನಿರ್ಣಯ ಯಾವುದು" ಎಂದು ಕೇಳಿ ಎರಡೂ ಸಿಂಡ್ರೋಮ್‌ಗಳ ಹೆಸರು ಕೊಟ್ಟ ಕ್ಷಣ, ಅಭ್ಯರ್ಥಿಗೆ ಇದು ಯಾವ ಜಗಳ ಎಂದು ಗೊತ್ತಾಗಿಬಿಡುತ್ತದೆ. ತಲೆಯಲ್ಲಿರುವ ಕೋಷ್ಟಕ ತೆರೆದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಯಾರೂ ಹಾಗೆ ಎರಡು ಹೆಸರು ಹಿಡಿದು ಬಂದು "ಇದೋ, ಅದೋ" ಎಂದು ಕೇಳುವುದಿಲ್ಲ. ಹಾಗಾಗಿ ಮುಂದಿನ ಹೆಜ್ಜೆ ಕೇಳುವುದು ವಾಸಿ. ಮೊದಲ ಪ್ರಯತ್ನದಲ್ಲಿ ಬರೆಯುವವರು ಹೀಗೆ ಬರೆಯುತ್ತಾರೆ: "ಸರ್ಟ್ರಲಿನ್ ಮತ್ತು ಟ್ರಮಡಾಲ್ ನಿಲ್ಲಿಸುವುದು", "ರಿಸ್ಪೆರಿಡೋನ್ ನಿಲ್ಲಿಸುವುದು". ಕೇಳಲು ಚೆನ್ನಾಗಿದೆ, ಆದರೆ ಸುಳ್ಳು. ಸಂಶಯದ ರಾತ್ರಿಯಲ್ಲಿ ವಿವೇಕವಿರುವ ಯಾವ ವೈದ್ಯರೂ ಮೂರನ್ನೂ ನಿಲ್ಲಿಸುತ್ತಾರೆ. ವಿವೇಕಿಯ ನಡೆಗೆ ಋಣಾಂಕ ಕೊಡುವ ಪ್ರಶ್ನೆಯಾಗುತ್ತದೆ ಅದು. ಆದ್ದರಿಂದ ಸಮಾನವಾದ ಅರ್ಧವನ್ನು ಪ್ರಶ್ನೆಯೊಳಗೇ ಮುಗಿಸಬೇಕು: "ಎಲ್ಲ ಮನೋರೋಗದ ಔಷಧಗಳನ್ನೂ ಟ್ರಮಡಾಲನ್ನೂ ನಿಲ್ಲಿಸಲಾಗಿದೆ, ದ್ರವ ಮತ್ತು ಲೊರಾಜೆಪಾಮ್ ಕೊಡಲಾಗಿದೆ, ಸ್ಥಿತಿ ಸುಧಾರಿಸಿಲ್ಲ. ಈಗ ಯಾವುದನ್ನು ಸೇರಿಸುವುದು ಹೆಚ್ಚು ಸೂಕ್ತ?" ಆಯ್ಕೆಗಳು ಸಿಪ್ರೊಹೆಪ್ಟಡಿನ್, ಬ್ರೊಮೊಕ್ರಿಪ್ಟಿನ್, ಹಾಲೊಪೆರಿಡಾಲ್, ಟ್ರೈಹೆಕ್ಸಿಫೆನಿಡಿಲ್. ಮೊದಲ ಕಥೆಗೆ ಸಿಪ್ರೊಹೆಪ್ಟಡಿನ್, ಅವಳಿಗೆ ಬ್ರೊಮೊಕ್ರಿಪ್ಟಿನ್. ಆಯ್ಕೆಗಳ ಪಟ್ಟಿ ಒಂದೇ, ಉತ್ತರ ಬೇರೆ. ಉಳಿದೆರಡೂ ಲೆಕ್ಕಕ್ಕೆ ತುಂಬಿದವಲ್ಲ. ಚಡಪಡಿಕೆ ಕಂಡರೆ ಹಾಲೊಪೆರಿಡಾಲ್, ಮನೋರೋಗದ ಮಾತ್ರೆಯಿಂದ ಬಿಗಿ ಬಂದರೆ ಟ್ರೈಹೆಕ್ಸಿಫೆನಿಡಿಲ್ ಎಂಬ ಕೈರೂಢಿ ವಾರ್ಡುಗಳಲ್ಲಿದೆ. ತಪ್ಪು ಆಯ್ಕೆ ನಿಜವಾದ ತಪ್ಪನ್ನೇ ಹೋಲಬೇಕು. ಮಿದುಳುಜ್ವರದ ಹೆಸರು ತುರುಕಿ ನಾಲ್ಕು ಭರ್ತಿ ಮಾಡುವುದು ಸೋಮಾರಿತನ. (ಸಿಪ್ರೊಹೆಪ್ಟಡಿನ್ ಆಗಲಿ ಬ್ರೊಮೊಕ್ರಿಪ್ಟಿನ್ ಆಗಲಿ ದೊಡ್ಡ ಪ್ರಯೋಗಗಳ ಬಲದಿಂದ ಬಂದವಲ್ಲ. "ಹೆಚ್ಚು ಸೂಕ್ತ" ಎಂಬ ಎರಡು ಪದ ಅಲ್ಲಿರುವುದು ಅದಕ್ಕೇ.)

ಇದಕ್ಕೆ ಎದುರಾಗಿ ಕೇಳಿಬರುವ ಮಾತು ಸಮಯದ್ದು. ನೀಟ್ ಪಿಜಿಯಲ್ಲಿ 200 ಪ್ರಶ್ನೆ, 210 ನಿಮಿಷ. ಒಂದಕ್ಕೆ 63 ಸೆಕೆಂಡ್. ಇಷ್ಟುದ್ದದ ಕಥೆ ಓದಿ ತೂಗಲು ಸಮಯವೆಲ್ಲಿ ಎನ್ನುತ್ತಾರೆ. ತಕರಾರು ಪೊಳ್ಳೇನಲ್ಲ. ಆದರೆ ಮೇಲಿನ ಕಥೆಯಲ್ಲಿ ಕತ್ತರಿಸಲು ಬೇಕಾದಷ್ಟಿದೆ: ಬೆವರಿಗೆ ತೊಯ್ದ ಬಟ್ಟೆ, ದಾಖಲಾತಿಯ ವಿವರ, ಆಯಾ ಔಷಧದ ಮಿಗ್ರಾಂ. ಕಾಲದ ಸಾಲು, ಕೈಕಾಲಿನ ವ್ಯತ್ಯಾಸ, ಪಾದದ ಒದೆತ, ಕರುಳಿನ ಸದ್ದು ಇವಿಷ್ಟನ್ನು ಉಳಿಸಿಕೊಂಡರೂ ಪ್ರಶ್ನೆ ನಿಲ್ಲುತ್ತದೆ. "ಇಂಡ್ಯೂಸಿಬಲ್ ಕ್ಲೋನಸ್" ಎಂಬ ಎರಡು ಪದದ ಜಾಗಕ್ಕೆ ಒಂದು ವಾಕ್ಯ ಬಂದರೆ ಖರ್ಚಾಗುವುದು ನಾಲ್ಕೈದು ಸೆಕೆಂಡ್. ಎರಡು ಪದದ ಪ್ರಶ್ನೆ ಉಳಿಸಿಕೊಡುವ ಸಮಯ, ಅಭ್ಯರ್ಥಿ ಯೋಚಿಸದೇ ಇರುವ ಸಮಯ.

ಇನ್ನೊಂದು ವಾದ ಇನ್ನೂ ಜಾಣತನದ್ದು. ವೈದ್ಯರು ತಮ್ಮತಮ್ಮಲ್ಲಿ ಮಾತಾಡುವುದೇ ಈ ಪದಗಳಲ್ಲಿ, ಪರೀಕ್ಷೆ ಅದೇ ಭಾಷೆಯಲ್ಲಿರುವುದರಲ್ಲಿ ತಪ್ಪೇನು ಎಂದು. ಮಾತಾಡಲಿ. ಆದರೆ ಆ ಪದ ವೈದ್ಯರ ಬಾಯಿಗೆ ಬರುವ ಮೊದಲು ಎಲ್ಲೆಲ್ಲಿ ಹಾದುಬರುತ್ತದೆ ನೋಡಿ. ಪುಣೆಯ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಕಲಬುರಗಿ ಕಡೆಯ ಕಟ್ಟಡ ಕಾರ್ಮಿಕರೊಬ್ಬರು ಹೆಂಡತಿಯನ್ನು ಕರೆತಂದರೆನ್ನಿ. ಅವರು ಹೇಳುವುದು "ರಾತ್ರಿಯಿಂದ ನಡುಗಾಕತ್ತಾಳ್ರಿ" ಎಂದು. ಕನ್ನಡದ ನಡುಕ ದೊಡ್ಡ ಚೀಲ. ಚಳಿಯ ನಡುಕ, ಭಯದ ನಡುಕ, ಮುದುಕರ ಕೈನಡುಕ, ಪಾದ ತಾಳ ಹಿಡಿದು ಒದೆಯುವುದು ಎಲ್ಲವೂ ಅದರೊಳಗೆ ಹಿಡಿಸುತ್ತವೆ. ಪಕ್ಕದ ಹಾಸಿಗೆಯವರು ಅದನ್ನು ಹಿಂದಿಗೋ ಮರಾಠಿಗೋ ತಿರುಗಿಸುತ್ತಾರೆ, ಕಿರಿಯ ವೈದ್ಯರು ಇಂಗ್ಲಿಷಿನಲ್ಲಿ "ಟ್ರೆಮರ್" ಎಂದು ಬರೆದುಕೊಳ್ಳುತ್ತಾರೆ. ಮೂರು ಭಾಷೆ ದಾಟಿದ ಮೇಲೂ ಆ ನಡುಕ ಯಾವ ಜಾತಿಯದು ಎಂಬುದು ತೀರ್ಮಾನವಾಗಿಲ್ಲ. ತೀರ್ಮಾನವಾಗುವುದು ಯಾರಾದರೂ ಹೊದಿಕೆ ಸರಿಸಿ ಪಾದವನ್ನು ಮೇಲಕ್ಕೆ ಒತ್ತಿದಾಗ. ಒತ್ತಬೇಕು ಎಂದು ಹೊಳೆಯಬೇಕಾದರೆ, ನಡುಕ ಎಂಬ ಮಾತು ಸಾಲದು ಎಂಬ ಅಸಮಾಧಾನ ಮೊದಲು ಹುಟ್ಟಬೇಕು. "ಕ್ಲೋನಸ್" ಎಂದು ಅಚ್ಚು ಹಾಕಿಸಿದ ಪ್ರಶ್ನೆಗಳನ್ನು ಬಿಡಿಸಿ ಬಂದವರಿಗೆ ಆ ಅಸಮಾಧಾನದ ಅಭ್ಯಾಸವೇ ಇರುವುದಿಲ್ಲ. ಅವರ ಅನುಭವದಲ್ಲಿ ಲಕ್ಷಣಗಳು ಹೆಸರು ಹೊತ್ತುಕೊಂಡೇ ಬರುತ್ತವೆ.

ಲಿನೆಜೊಲಿಡ್‌ಗೇ ಮರಳಿದರೆ, ಅದು ಪ್ರಶ್ನೆಪತ್ರಿಕೆಯ ಗೊಂಬೆಯಲ್ಲ. ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಇಂದು ಕೊಡುವ ಚಿಕಿತ್ಸೆಯಲ್ಲಿ ಅದೂ ಒಂದು, ತಿಂಗಳುಗಟ್ಟಲೆ ಕೊಡುತ್ತಾರೆ. ಅಷ್ಟು ದೀರ್ಘ ಕಾಯಿಲೆಯಲ್ಲಿ ಖಿನ್ನತೆಯ ಮಾತ್ರೆ ಸೇರಿಕೊಳ್ಳುವುದು ಅಪರೂಪವಲ್ಲ. ಅದಕ್ಕೊಂದು ಒಳ್ಳೆಯ ಪ್ರಶ್ನೆ ಬರೆಯಬಹುದು: ಫ್ಲುಆಕ್ಸೆಟಿನ್ "ಮೂರು ವಾರದ ಹಿಂದೆಯೇ ನಿಲ್ಲಿಸಲಾಗಿದೆ" ಎಂದು ಬರೆಯಿರಿ. ಈಗಿನ ಔಷಧಗಳ ಸಾಲಿನಲ್ಲಿ ಅದರ ಹೆಸರೇ ಇರುವುದಿಲ್ಲ. ಆದರೆ ಅದೂ, ಮೈಯಲ್ಲಿ ಅದರಿಂದ ಹುಟ್ಟುವ ನಾರ್‌ಫ್ಲುಆಕ್ಸೆಟಿನ್ನೂ ವಾರಗಟ್ಟಲೆ ಉಳಿಯುತ್ತವೆ. ಇಂಥ ಜೋಡಿಗಳ ನಡುವೆ ಐದು ವಾರ ಬಿಡಬೇಕೆಂಬ ನಿಯಮ ಅದಕ್ಕಾಗಿಯೇ ಇದೆ. ಹೆಸರು ಹೊಂದಿಸುವ ಅಭ್ಯರ್ಥಿ ಇಲ್ಲಿ ಮುಗ್ಗರಿಸುತ್ತಾನೆ, ಔಷಧ ಬಲ್ಲವನು ದಾಟುತ್ತಾನೆ.

ಎಲ್ಲ ರೋಗಿಗಳನ್ನೂ ಪ್ರಶ್ನೆಯಾಗಿಸಲು ಮಾತ್ರ ಬರುವುದಿಲ್ಲ. ಸೆರೊಟೋನಿನ್ ಸಿಂಡ್ರೋಮ್ ತೀರಾ ಉಲ್ಬಣಿಸಿದಾಗ ಕಾಲು ಎಷ್ಟು ಬಿಗಿಯುತ್ತದೆಂದರೆ ಪಾದ ಒದೆಯಲಾರದು. ಸುತ್ತಿಗೆಗೂ ಉತ್ತರವಿಲ್ಲ. ಬಿಗಿತವೇ ಕ್ಲೋನಸ್ಸನ್ನು ಮುಚ್ಚಿಬಿಟ್ಟಿರುತ್ತದೆ. ಎರಡೂ ಬಗೆಯ ಔಷಧ ಸೇವಿಸಿದ, 41.3 ಡಿಗ್ರಿ ಜ್ವರದ, ಮರದ ಕೊರಡಿನಂತೆ ಬಿಗಿದ ರೋಗಿಯನ್ನು ಮುಂದಿಟ್ಟು, ಯಾವಾಗ ಶುರುವಾಯಿತೆಂದೂ ಹೇಳದೆ, "ಯಾವ ಸಿಂಡ್ರೋಮ್?" ಎಂದು ಕೇಳುವ ಪರೀಕ್ಷಕರಿಗೆ ತಮ್ಮ ಉತ್ತರಪಟ್ಟಿಯ ಮೇಲೆ ಯಾವ ಹಕ್ಕೂ ಇಲ್ಲ. ಆ ರೋಗಿಯ ಬಗ್ಗೆ ನ್ಯಾಯವಾಗಿ ಕೇಳಬಹುದಾದದ್ದು "ಮುಂದಿನ ಹತ್ತು ನಿಮಿಷದಲ್ಲಿ ಏನು ಮಾಡಬೇಕು" ಎಂದಷ್ಟೇ. ಆಯ್ಕೆಗಳು: ಪ್ಯಾರಾಸಿಟಮಾಲ್ ಕೊಟ್ಟು ಕಾಯುವುದು, ಸಿಕೆ ಫಲಿತಾಂಶಕ್ಕೆ ಕಾಯುವುದು, ಹಾಲೊಪೆರಿಡಾಲ್, ಅರಿವು ತಪ್ಪಿಸಿ, ಸ್ನಾಯುಗಳನ್ನು ಔಷಧದಿಂದ ಸಡಿಲಿಸಿ, ಉಸಿರಾಟದ ಕೊಳವೆ ಹಾಕಿ ಮೈಯನ್ನು ತಂಪುಮಾಡುವುದು. ಉತ್ತರ ಕೊನೆಯದು, ಸಿಂಡ್ರೋಮ್ ಯಾವುದೇ ಇರಲಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಈ ಬಿಸಿ ಮುಖ್ಯವಾಗಿ ಹುಟ್ಟುತ್ತಿರುವುದು ಬಿಗಿದ ಸ್ನಾಯುಗಳಲ್ಲಿ. ಒಂದು ಎಚ್ಚರ ಉತ್ತರದ ವಿವರಣೆಯಲ್ಲಿ ಬರಬೇಕು: ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಬಳಸಬಾರದು, ಒಡೆದ ಸ್ನಾಯುಗಳಿಂದ ಈಗಾಗಲೇ ರಕ್ತಕ್ಕೆ ಸುರಿಯುತ್ತಿರುವ ಪೊಟ್ಯಾಸಿಯಂ ಅದರಿಂದ ಇನ್ನೂ ಏರಿ ಹೃದಯ ನಿಲ್ಲಬಹುದು. ಆ ಪ್ರಶ್ನೆಯಲ್ಲಿ ಎರಡೂ ಸಿಂಡ್ರೋಮ್‌ಗಳ ಹೆಸರು ಎಲ್ಲಿಯೂ ಬರಬೇಕಾಗಿಲ್ಲ.